ಮಹಡಿ ಕಿಟಕಿಗೆ ಕೇಬಲ್ ಲಾಕ್: ಮಲೆನಾಡಿನ ಮಳೆ ಕಂಡ ಮೇಲಿನ ಮಾತು

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಹಾಲ್‌ನಲ್ಲಿ ಗ್ರಿಲ್ ಇದೆ. ಮಲಗುವ ಕೋಣೆಯ ಎರಡು ಕಿಟಕಿಗಳಿಗೆ ಇಲ್ಲ. ಹಲಸಿನ ಮರದ ಚೌಕಟ್ಟು, ಹೊರಗೆ ತೆರೆಯುವ ಬಾಗಿಲುಗಳು, ಜೊತೆಗೆ ಸೊಳ್ಳೆ ಮೆಶ್. ಮಗಳು ಓಡಾಡಲು ಶುರು ಮಾಡಿದಾಗ ಈ ಕಿಟಕಿಗಳಿಗೆ ಕೇಬಲ್ ಲಾಕ್ ಹಾಕಿಸಿದೆವು. ಎರಡು ಮಳೆಗಾಲ ಕಳೆದಿದೆ. ಈಗ ಅದರ ಬಗ್ಗೆ ಬರೆಯಬಹುದು ಅನ್ನಿಸಿತು.

ಮೊದಲು ಮೆಶ್ ವಿಷಯ ಹೇಳಿಬಿಡುತ್ತೇನೆ. ಮೆಶ್ ಇದೆಯಲ್ಲ, ಮಗು ಬೀಳಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಸೊಳ್ಳೆ ತಡೆಯಲು ಮಾಡಿದ್ದು, ಅಷ್ಟೇ. ಮಗು ಒರಗಿದರೆ ಅಂಚಿನ ರಬ್ಬರ್ ಬೀಡಿಂಗ್ ಕಿತ್ತು ಬರುತ್ತದೆ, ಇಲ್ಲವೇ ಇಡೀ ಫ್ರೇಮೇ ಹೊರಗೆ ಹೋಗುತ್ತದೆ. ಹಳೇ ಮನೆಗಳ ಕಿಟಕಿಯಲ್ಲಿರುವ ಉದ್ದನೆಯ ಕಬ್ಬಿಣದ ಕೊಕ್ಕೆಯೂ ಸಾಲದು. ಗಾಳಿಗೆ ಬಾಗಿಲು ಬಡಿಯದಂತೆ ಅದು ಹಿಡಿಯುತ್ತದೆ, ಆದರೆ ಎರಡು ವರ್ಷದ ಮಗುವೂ ಬೆರಳಲ್ಲಿ ಎತ್ತಿ ತೆಗೆಯಬಹುದು.

ಕೇಬಲ್ ಲಾಕ್ ಅಂದರೆ ಪ್ಲಾಸ್ಟಿಕ್ ಹೊದಿಕೆಯ ಒಂದು ಸ್ಟೀಲ್ ತಂತಿ. ಒಂದು ತುದಿಯ ತುಂಡನ್ನು ಚೌಕಟ್ಟಿಗೆ, ಇನ್ನೊಂದನ್ನು ಕಿಟಕಿ ಬಾಗಿಲಿಗೆ ಸ್ಕ್ರೂ ಹಾಕಿ ಕೂರಿಸಬೇಕು. ತಂತಿಯ ತುದಿಯನ್ನು ಒತ್ತಿದರೆ ಟಕ್ ಅಂತ ಕೂರುತ್ತದೆ, ಬಿಡಿಸಲು ಕೀಲಿ ಬೇಕು. ನಾನು ತಗೊಂಡದ್ದು ಒಂದಕ್ಕೆ ಐನೂರು ರೂಪಾಯಿ ಒಳಗೇ ಆಯಿತು. ಕಿಟಕಿ ಎಷ್ಟು ತೆರೆಯಬೇಕು ಅನ್ನುವುದಕ್ಕೆ ಹೊರದೇಶಗಳಲ್ಲಿ ಲೆಕ್ಕ ಇದೆ. ಬ್ರಿಟನ್ನಿನ ಆಸ್ಪತ್ರೆ, ಆರೈಕೆ ಮನೆಗಳಲ್ಲಿ 100 ಮಿಲಿಮೀಟರ್ ಮೀರಬಾರದು ಅನ್ನುತ್ತಾರೆ. ಆಸ್ಟ್ರೇಲಿಯಾದ ಕಟ್ಟಡ ನಿಯಮದಲ್ಲಿ ಇದು 125. ನಾನು 10 ಸೆಂಟಿಮೀಟರ್ ಅಂತ ಹಿಡಿದೆ.

ಈ 10 ಸೆಂಟಿಮೀಟರ್ ಅಳೆಯುವುದರಲ್ಲೇ ಎಲ್ಲ ಇದೆ. ನಮ್ಮ ಕಿಟಕಿ ಬಾಗಿಲಿನ ಅಗಲ 60 ಸೆಂಟಿಮೀಟರ್. ಹಿಂಜಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಅಂದರೆ ಬಾಗಿಲಿನ ಮಧ್ಯದಲ್ಲಿ ಲಾಕ್ ಹಾಕಿದರೆ, ಅಲ್ಲಿ 10 ಸೆಂಟಿಮೀಟರ್ ತೆರೆದಾಗ ಹಿಡಿಕೆ ಇರುವ ಅಂಚು 20 ಸೆಂಟಿಮೀಟರ್ ತೆರೆದಿರುತ್ತದೆ. ಅಷ್ಟು ಜಾಗ ಚಿಕ್ಕ ಮಗುವಿಗೆ ಧಾರಾಳ ಸಾಕು. ಹಾಗಾಗಿ ಲಾಕ್ ಹಿಡಿಕೆಯ ಕಡೆಗೇ ಇರಬೇಕು, ಅಳತೆಯೂ ಹಿಡಿಕೆಯ ಅಂಚಿನಲ್ಲೇ ತೆಗೆಯಬೇಕು. ನಾವು ಹಿಂಜಿನಿಂದ 55 ಸೆಂಟಿಮೀಟರ್ ದೂರಕ್ಕೆ ಹಾಕಿಸಿದೆವು.

ಇನ್ನೊಂದು ತೊಂದರೆ, ಕೇಬಲ್ಲೇ ಉದ್ದ. ನಮ್ಮದರಲ್ಲಿ ಎರಡು ತುಂಡುಗಳ ನಡುವೆ 15 ಸೆಂಟಿಮೀಟರ್ ತಂತಿ ಸಿಗುತ್ತದೆ. ಎರಡನ್ನೂ ಎದುರುಬದುರು ಕೂರಿಸಿದರೆ ಕಿಟಕಿ ಹತ್ತಿರ ಹತ್ತಿರ 15 ತೆರೆಯುತ್ತದೆ. ತಂತಿ ಕತ್ತರಿಸಬೇಕಾಗಿಲ್ಲ. ಚೌಕಟ್ಟಿನ ತುಂಡನ್ನು ಬಾಗಿಲಿನ ತುಂಡಿಗಿಂತ 12 ಸೆಂಟಿಮೀಟರ್ ಮೇಲೆ ಕೂರಿಸಿದರೆ ಸಾಕು, ತಂತಿ ಓರೆಯಾಗಿ ಹೋಗುತ್ತದೆ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜವೇ ಇದು: ಓರೆ 15, ಎತ್ತರ 12, ಉಳಿದ ಬದಿ 9. ಹಿಂಜಿನಿಂದ 55ರಲ್ಲಿ 9 ತೆರೆದರೆ 60ರ ಅಂಚಿನಲ್ಲಿ 9.8 ಬರುತ್ತದೆ. ಬಡಗಿ ಮೊದಲು ಪೆನ್ಸಿಲ್ ಗುರುತು ಹಾಕಿ, ತಂತಿಯನ್ನು ಕೈಯಲ್ಲೇ ಹಿಡಿದು ಬಾಗಿಲು ತಳ್ಳಿ ನೋಡಿದರು. ಆಮೇಲೆ ತೂತು ಹೊಡೆದರು. 10 ಸೆಂಟಿಮೀಟರ್ ಅಗಲದ ರಟ್ಟಿನ ತುಂಡು ಕತ್ತರಿಸಿಟ್ಟುಕೊಂಡರೆ ಈಗಲೂ ಒಂದು ಕ್ಷಣದಲ್ಲಿ ಪರೀಕ್ಷೆ ಮಾಡಬಹುದು. ಬಾಗಿಲನ್ನು ಹೊರಗೆ ಒತ್ತಿ ಹಿಡಿದೇ ಅಳೆಯಬೇಕು. ಮರ ಸ್ವಲ್ಪ ಬಾಗುತ್ತದೆ, ತಂತಿ ಸ್ವಲ್ಪ ನೆಟ್ಟಗಾಗುತ್ತದೆ. ನಮ್ಮ ಬಾಗಿಲು ನಾಲ್ಕಡಿ ಎತ್ತರ. ಮೇಲೆ ಒಂದೇ ಲಾಕ್ ಹಾಕಿದಾಗ ಕೆಳಮೂಲೆ ಒತ್ತಿದರೆ ಜಾಸ್ತಿ ತೆರೆಯುತ್ತಿತ್ತು. ಹಾಗಾಗಿ ಕೆಳಗೂ ಒಂದು ಬಂತು.

ಈಗ ಸ್ಕ್ರೂ ವಿಷಯ. ನನ್ನ ಅನುಭವದಲ್ಲಿ ಇಡೀ ವಸ್ತುವಿನ ದುರ್ಬಲ ಭಾಗ ಇದೇ. ತಂತಿ ಎಷ್ಟು ಗಟ್ಟಿ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಆದರೆ ಮಗು ಒರಗಿದಾಗ ಭಾರ ತಡೆಯುವುದು ಮರದಲ್ಲಿ ಹೂತ ನಾಲ್ಕು ಸ್ಕ್ರೂಗಳು. ಯುರೋಪಿನ ಮಾನದಂಡದಲ್ಲಿ ಇಂಥ ಸಾಧನ 350 ನ್ಯೂಟನ್ ಬಲ, ಅಂದರೆ ಸುಮಾರು 35 ಕಿಲೋ ತೂಕದಷ್ಟು ಒತ್ತಡವನ್ನು ಒಂದು ನಿಮಿಷ ತಡೆಯಬೇಕು. ಡಬ್ಬದಲ್ಲಿ ಬಂದ ಸ್ಕ್ರೂಗಳು ಗಿಡ್ಡ, ಮೇಲೆ ಹೊಳಪಿನ ಲೇಪ ಮಾತ್ರ. ನೋಡಿದ ಕೂಡಲೇ ಬಡಗಿ, "ಮೇಡಂ, ಇದು ನಮ್ಮ ಕಡೆ ಮಳೆಗೆ ಆಗಲ್ಲ, ತುಕ್ಕು ತಿಂದುಬಿಡತ್ತೆ" ಅಂದರು. ಅವರೇ ಹಾರ್ಡ್‌ವೇರ್ ಅಂಗಡಿಯಿಂದ 304 ಸ್ಟೇನ್‌ಲೆಸ್ ಸ್ಟೀಲಿನ 35 ಮಿಲಿಮೀಟರ್ ಸ್ಕ್ರೂ ತಂದರು. ಮೊದಲು ಸ್ಕ್ರೂಗಿಂತ ಸಣ್ಣ ಡ್ರಿಲ್ ಬಿಟ್‌ನಲ್ಲಿ ತೂತು ಹೊಡೆದು, ಆಮೇಲೆ ಕೈಯಿಂದಲೇ ತಿರುಗಿಸಿದರು. ಆ ತೂತು ಇಲ್ಲದೆ ನೇರ ಬಿಗಿದರೆ ಹಳೇ ಮರ ಸೀಳುತ್ತದೆ. ಸೀಳಿದ ಮರದಲ್ಲಿ ಸ್ಕ್ರೂ ಹಿಡಿದಂತೆ ಕಂಡರೂ ಹಿಡಿದಿರುವುದಿಲ್ಲ.

ಮಲೆನಾಡಿನಲ್ಲಿ ಮರ ಸುಮ್ನೆ ಇರುವುದಿಲ್ಲ. ಆಷಾಢದ ಜಡಿಮಳೆಗೆ ಉಬ್ಬಿ ಬಾಗಿಲು ಬಿಗಿಯಾಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಪ್ರತಿ ಸಲ ಉಬ್ಬಿ ಕುಗ್ಗಿದಾಗ ಸ್ಕ್ರೂ ತೂತು ಸ್ವಲ್ಪ ಸಡಿಲ. ಮೊದಲ ಬೇಸಿಗೆಯಲ್ಲೇ ಚೌಕಟ್ಟಿನ ಒಂದು ತುಂಡು ಬೆರಳಿಗೆ ಅಲುಗಾಡಿತು. ಸ್ಕ್ರೂ ತಲೆಯ ಸುತ್ತ ಸಣ್ಣ ಮರದ ಹುಡಿಯೂ ಕಂಡಿತು. ಇನ್ನಷ್ಟು ಬಿಗಿದರೆ ಸರಿ ಹೋಗುತ್ತದೆ ಅಂದುಕೊಳ್ಳಬೇಡಿ, ಸ್ಕ್ರೂ ಸುಮ್ನೆ ಸುತ್ತುತ್ತಿದ್ದರೆ ಅದು ಎಲ್ಲೂ ಹಿಡಿದಿಲ್ಲ ಅಂತಲೇ ಅರ್ಥ. ಬಡಗಿ ಹಳೇ ತೂತಿಗೆ ಅಂಟು ಹಚ್ಚಿದ ಮರದ ಬೆಣೆ ಬಡಿದು ಮುಚ್ಚಿದರು, ಲಾಕನ್ನು ಎರಡು ಬೆರಳು ಕೆಳಗೆ ಸರಿಸಿ ಹೊಸ ಮರದಲ್ಲಿ ಹಾಕಿದರು. ಬಾಗಿಲಿನ ತುಂಡನ್ನೂ ಅಷ್ಟೇ ಕೆಳಗಿಳಿಸಿದರು, ಇಲ್ಲದಿದ್ದರೆ ಆ 12 ಸೆಂಟಿಮೀಟರ್ ಲೆಕ್ಕ ತಪ್ಪುತ್ತಿತ್ತು.

ತಂತಿಯದ್ದೂ ಒಂದು ಕಥೆ ಇದೆ. ನಮ್ಮ ಒಂದು ಕಿಟಕಿ ಪಡುವಣಕ್ಕೆ. ಮಳೆಗಾಲದ ಗಾಳಿ ಬಾಗಿಲನ್ನು ಎಳೆದು ಬಿಡುತ್ತಲೇ ಇರುತ್ತದೆ, ಪ್ರತಿ ಸಲವೂ ತಂತಿಗೆ ಜಗ್ಗು. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ, ತಂತಿ ಲೋಹದ ತುದಿಗೆ ಸೇರುವ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ ಸಣ್ಣಗೆ ಬಿರಿದು, ಅದರಿಂದ ಕಂದು ಬಣ್ಣದ ನೀರಿನ ಗೆರೆ ಇಳಿದಿತ್ತು. ಹೊರಗೆ ಇಷ್ಟು ಕಂಡರೆ ಒಳಗಿನ ಎಳೆಗಳು ತುಕ್ಕು ಹಿಡಿದಿವೆ ಅಂತಲೇ. ಅದನ್ನು ಆ ವಾರವೇ ಬದಲಾಯಿಸಿದೆವು. ತೆಂಕಣ ಕಿಟಕಿಯದು ಇವತ್ತಿಗೂ ಹೊಸದರ ಹಾಗೇ ಇದೆ. ಈಗ ಪಡುವಣ ಕಿಟಕಿಗೆ ಹಳೇ ಕೊಕ್ಕೆಯನ್ನೂ ಜೊತೆಗೆ ಹಾಕುತ್ತೇವೆ. ಗಾಳಿಯ ಜಗ್ಗಾಟ ಕೊಕ್ಕೆ ತಡೆಯುತ್ತದೆ, ತಂತಿ ಮಗುವಿಗೆ ಮೀಸಲು.

ಗಾಳಿಯ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಗಿತ್ತು. ನಮ್ಮತ್ತೆ ತೀರ್ಥಹಳ್ಳಿ ಕಡೆಯವರು. "ಕಿಟಕಿ ಇಷ್ಟೇ ಇಷ್ಟು ತೆಗ್ದ್ರೆ ಬಟ್ಟೆ ಒಣಗೋದು ಯಾವಾಗ ಮಾರಾಯ್ತಿ? ಕೋಣೆ ಪೂರ್ತಿ ಬೂಷ್ಟು ಹಿಡಿಯತ್ತೆ" ಅಂದರು. ಅವರ ಮಾತು ಸರಿಯಾಗಿಯೇ ಇತ್ತು. ಇಲ್ಲಿ ಮಳೆಗಾಲದಲ್ಲಿ ಮುಚ್ಚಿದ ಕೋಣೆಯ ಬೀರು ಹಿಂದೆ ಗೋಡೆ ಕಪ್ಪಾಗಲು ಬಹಳ ದಿನ ಬೇಡ. ಆದರೆ ನಾಲ್ಕಡಿ ಎತ್ತರದ ಕಿಟಕಿಯಲ್ಲಿ 10 ಸೆಂಟಿಮೀಟರ್ ಸಂದು ಅಂದರೆ ಸಣ್ಣ ಜಾಗವಲ್ಲ. ಒಂದು ಕಿಟಕಿಯನ್ನು ಅಗಲವಾಗಿ ತೆರೆಯುವ ಬದಲು ಬೇರೆ ಬೇರೆ ಗೋಡೆಯ ಎರಡು ಕಿಟಕಿಗಳನ್ನು ಇಷ್ಟಿಷ್ಟೇ ತೆರೆದಿಟ್ಟರೆ ಗಾಳಿ ಒಂದರಲ್ಲಿ ನುಗ್ಗಿ ಇನ್ನೊಂದರಲ್ಲಿ ಹೋಗುತ್ತದೆ. ಕೋಣೆ ಬಾಗಿಲನ್ನೂ ತೆರೆದಿಟ್ಟರೆ ಇನ್ನೂ ಚೆಂದ. ಮೇಲಿನ ವೆಂಟಿಲೇಟರ್‌ಗೆ ಅಡ್ಡ ಇಟ್ಟಿದ್ದ ಪೆಟ್ಟಿಗೆಗಳನ್ನೂ ತೆಗೆಸಿದೆವು. ಬೆಳಿಗ್ಗೆ ಕೋಣೆ ಗುಡಿಸುವಾಗ, ದೊಡ್ಡವರು ಒಳಗೇ ಇರುವ ಹೊತ್ತಿನಲ್ಲಿ, ಲಾಕ್ ಬಿಡಿಸಿ ಪೂರ್ತಿ ತೆರೆಯುತ್ತೇವೆ. ಅತ್ತೆ ಈಗ ಬಟ್ಟೆಯ ಸ್ಟ್ಯಾಂಡನ್ನು ಎರಡು ಕಿಟಕಿಗಳ ನಡುವಿನ ಗಾಳಿ ದಾರಿಯಲ್ಲಿ ಇಡುತ್ತಾರೆ. ಮುಗ್ಗಲು ವಾಸನೆ ಬಂದಿಲ್ಲ.

ಅಪಾಯ ಇರುವುದು ಆ ಬೆಳಗಿನ ಹೊತ್ತಲ್ಲೇ. ತೆರೆದ ಮೇಲೆ ತಂತಿ ಮತ್ತೆ ಸಿಕ್ಕಿಸದೆ ಹೋದರೆ ಲಾಕ್ ಇದ್ದೂ ಇಲ್ಲ. ನೇತಾಡುವ ತಂತಿ ದೂರದಿಂದ ಹಾಕಿದಂತೆಯೇ ಕಾಣುತ್ತದೆ. ಅದಕ್ಕೆ ಸಿಕ್ಕಿಸಿದ ಮೇಲೆ ಒಮ್ಮೆ ಬಾಗಿಲು ತಳ್ಳಿ ನೋಡುವುದು ನಮ್ಮಲ್ಲಿ ಕಡ್ಡಾಯ. ಕಿಟಕಿ ಕೆಳಗೆ ಮಂಚ, ಸ್ಟೂಲು ಏನನ್ನೂ ಇಡುವುದಿಲ್ಲ.

ಕೀಲಿ ಎಲ್ಲಿಡಬೇಕು? ಬೀರು ಒಳಗೆ ಬೇಡ. ಬೆಂಕಿ, ಹೊಗೆ ಆದರೆ ಅದೇ ಕಿಟಕಿಯಿಂದ ಹೊರಬರಬೇಕಾಗಬಹುದು, ಇಲ್ಲವೇ ಅಗ್ನಿಶಾಮಕದವರನ್ನು ಕೂಗಬೇಕಾಗಬಹುದು. ನಮ್ಮ ಕೀಲಿ ಅದೇ ಕೋಣೆಯಲ್ಲಿ, ಕಿಟಕಿಯಿಂದ ದೂರದ ಗೋಡೆಯಲ್ಲಿ, ಅತ್ತೆಯ ಕೈಗೆ ಎಟುಕುವ ಎತ್ತರದ ಮೊಳೆಯಲ್ಲಿದೆ. ಕತ್ತಲಲ್ಲೂ ತಡಕಿ ತೆಗೆಯುವುದು ಮನೆಯ ದೊಡ್ಡವರಿಗೆಲ್ಲ ಗೊತ್ತು. ಎರಡನೇ ಕೀಲಿ ಹಾಲ್‌ನಲ್ಲಿದೆ. ನಮ್ಮ ಸೆಟ್‌ನಲ್ಲಿ ಎಲ್ಲ ಲಾಕ್‌ಗಳಿಗೂ ಒಂದೇ ಕೀಲಿ ಆಗುತ್ತದೆ, ಈ ವಿಷಯದಲ್ಲಿ ಅದು ಒಳ್ಳೆಯದೇ.

ಯುಪಿವಿಸಿ ಕಿಟಕಿ ಇರುವವರಿಗೆ ಒಂದು ಮಾತು. ಆ ಪ್ರೊಫೈಲ್ ಒಳಗೆ ಟೊಳ್ಳು. ಸ್ಕ್ರೂ ಒಳಗಿನ ಉಕ್ಕಿನ ಪಟ್ಟಿಯವರೆಗೆ ಹೋಗದಿದ್ದರೆ ಪ್ಲಾಸ್ಟಿಕ್‌ನಿಂದ ಕಿತ್ತು ಬರುತ್ತದೆ. ಕಿಟಕಿ ಹಾಕಿದವರನ್ನೇ ಕೇಳಿ, ಆ ಉಕ್ಕು ಇದೆಯೇ, ಎಲ್ಲಿದೆ ಅಂತ. ಸ್ಲೈಡಿಂಗ್ ಆದರೆ ಕೇಬಲ್ ಬದಲು ಹಳಿಗೆ ಬಿಗಿಯುವ ಸ್ಟಾಪರ್ ಸಿಗುತ್ತದೆ. ಕೈಯಲ್ಲಿ ತಿರುಗಿಸುವ ಚಿಟ್ಟೆ ನಟ್ಟಿನದು ಬೇಡ, ಮಗು ಸಡಿಲ ಮಾಡಬಹುದು. ಕೀಲಿಯದೇ ತಗೊಳ್ಳಿ.

ನಾನಾದರೆ ಈ ಕೇಬಲ್ ಲಾಕನ್ನು ಮತ್ತೆ ಕೊಳ್ಳುತ್ತೇನೆ, ಆದರೆ ಡಬ್ಬದ ಸ್ಕ್ರೂಗಳನ್ನು ಬಳಸುವುದಿಲ್ಲ. ಚೌಕಟ್ಟಿನ ಮರಕ್ಕೆ ಗೆದ್ದಲು ಹಿಡಿದಿದ್ದರೆ, ಅಥವಾ ಉಗುರಲ್ಲಿ ಒತ್ತಿದರೆ ತಗ್ಗುವಷ್ಟು ಮೆತ್ತಗಾಗಿದ್ದರೆ ಇದನ್ನು ಹಾಕಿಸಲೇಬೇಡಿ. ಅಲ್ಲಿ ಮೊದಲು ಮರ ಬದಲಾಗಬೇಕು, ಇಲ್ಲವೇ ಗೋಡೆಗೇ ಹಿಡಿಸಿದ ಗ್ರಿಲ್ ಬೇಕು. ಬಾಡಿಗೆ ಮನೆಯಾದರೆ ತೂತು ಹೊಡೆಯುವ ಮುಂಚೆ ಓನರ್‌ಗೆ ಹೇಳಿ. ನಮ್ಮ ಓನರ್ ವಿಷಯ ಕೇಳಿ ಕೆಳಗಿನ ಮನೆಯವರ ಕಿಟಕಿಗೂ ಹಾಕಿಸಿಕೊಟ್ಟರು.