ಹಬೆ ಉಳಿಸಬೇಕಾ, ನೆರಳು ಉಳಿಸಬೇಕಾ: ಮೆನು ಫೋಟೋದ ಹಿನ್ನೆಲೆ ತೆಗೆಯಲು ನಾನು ಮಾಡಿ ನೋಡಿದ ಮೂರು ದಾರಿ

ಮೊದಲೇ ಹೇಳಿಬಿಡುತ್ತೇನೆ, ನಾನು ಗಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಕೈಯಾರೆ ಕತ್ತರಿಸುವವರ ಪಕ್ಷ. ಆದರೆ ಮೊದಲಿನಿಂದ ಹಾಗಿರಲಿಲ್ಲ. ನಲವತ್ತು ಮೆನು ಕಾರ್ಡ್ ನನ್ನ ಜೇಬಿನಿಂದಲೇ ಮತ್ತೆ ಪ್ರಿಂಟ್ ಹಾಕಿಸಿದ ಮೇಲೆ ಈ ಪಕ್ಷಕ್ಕೆ ಬಂದೆ.

ಬಳ್ಳಾರಿಯಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಫ್ಲೆಕ್ಸು, ಬಿಲ್ ಬುಕ್ಕು. ಬಸ್ ಸ್ಟ್ಯಾಂಡ್ ಕಡೆಯ ಒಂದು ಖಾನಾವಳಿಯವರು ಹನ್ನೆರಡು ಐಟಂ ಇರುವ ಮೆನು ಕೇಳಿದರು. ಟೇಬಲ್ ಮೇಲಿಡಲು ಮರೂನ್ ಬಣ್ಣದ ಲ್ಯಾಮಿನೇಶನ್ ಕಾರ್ಡು, ಬಾಗಿಲಿಗೆ ಬಿಳಿ ಬೋರ್ಡು. ಫೋಟೋ ಅವರ ಮಗನೇ ಫೋನಿನಲ್ಲಿ ತೆಗೆದಿದ್ದ. ಹಸಿರು ರೆಕ್ಸಿನ್ ಟೇಬಲ್, ಸ್ಟೀಲ್ ತಟ್ಟೆ, ಮೇಲೆ ಹಬೆಯಾಡುವ ಅನ್ನ. ಫೋಟೋ ಚೆನ್ನಾಗಿಯೇ ಇತ್ತು.

ನಾನು ಅದನ್ನು ಒಂದೇ ಕ್ಲಿಕ್‌ನಲ್ಲಿ ಹಿನ್ನೆಲೆ ತೆಗೆಯುವ ಒಂದು ಸೈಟಿಗೆ ಹಾಕಿದೆ. ಐದು ಸೆಕೆಂಡಿನಲ್ಲಿ ತಟ್ಟೆ ಬೇರೆಯಾಗಿ ಬಂತು. ಹನ್ನೆರಡೂ ಐಟಂ ಅರ್ಧ ಗಂಟೆಯಲ್ಲಿ ಮುಗಿಯಿತು. ಖುಷಿಯಾಗಿ ಪ್ರಿಂಟಿಗೆ ಕಳಿಸಿದೆ.

ಕಾರ್ಡ್ ಕೈಗೆ ಬಂದ ದಿನ ಖಾನಾವಳಿ ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಅನ್ನಕ್ಕ ಬೂಷ್ಟು ಹಿಡದಂಗೈತಲ್ಲಪ್ಪಾ" ಅಂದರು.

ನೋಡಿದರೆ ನಿಜ. ಅನ್ನದ ಮೇಲೆ ತೆಳು ಹಸಿರು ಮಬ್ಬು. ಹಬೆ ಅರೆಪಾರದರ್ಶಕ, ಅದರ ಮೂಲಕ ಹಿಂದಿನದು ಕಾಣುತ್ತದೆ. ಹಾಗಾಗಿ ಫೋಟೋದಲ್ಲಿ ಹಬೆ ಇರುವ ಪ್ರತಿ ಚುಕ್ಕೆಯಲ್ಲೂ ಸ್ವಲ್ಪ ಹಬೆಯ ಬಿಳಿ, ಸ್ವಲ್ಪ ಟೇಬಲಿನ ಹಸಿರು ಬೆರೆತಿರುತ್ತದೆ. ಸೈಟು ಹಬೆಯನ್ನು ಅರ್ಧ ಉಳಿಸಿಕೊಂಡಿತು, ಜೊತೆಗೆ ಹಸಿರನ್ನೂ ಉಳಿಸಿಕೊಂಡಿತು. ಇನ್ನರ್ಧ ಹಬೆಯನ್ನು ಕತ್ತರಿ ಹಾಕಿದ ಹಾಗೆ ತೆಗೆದುಹಾಕಿತ್ತು. ನೆರಳಂತೂ ಇರಲೇ ಇಲ್ಲ. ಬಿಳಿ ಬೋರ್ಡಿನ ಮೇಲೆ ಹನ್ನೆರಡು ತಟ್ಟೆಗಳೂ ಗಾಳಿಯಲ್ಲಿ ತೇಲುತ್ತಿದ್ದವು. ಉಚಿತವಾಗಿ ಸಿಕ್ಕ ಫೈಲ್ ಬೇರೆ 600 ಪಿಕ್ಸೆಲ್ ಅಗಲ. ಕಾರ್ಡಿನಲ್ಲಿ ಮೂರು ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 200 ಚುಕ್ಕೆ ಮಾತ್ರ. ಪ್ರಿಂಟಿಗೆ 300 ಇದ್ದರೆ ಚೆಂದ, ಅಂದರೆ 900 ಪಿಕ್ಸೆಲ್ ಬೇಕಿತ್ತು.

ಆವತ್ತು ರಾತ್ರಿ ಕೂತು ಯೋಚಿಸಿದಾಗ ಒಂದು ವಿಷಯ ತಲೆಗೆ ಹೊಳೆಯಿತು. ಹಬೆ ಬಿಳಿ, ಅದು ಕಾಣಲು ಹಿಂದೆ ಕಪ್ಪು ಬೇಕು. ನೆರಳು ಕಪ್ಪು, ಅದು ಕಾಣಲು ಕೆಳಗೆ ಬಿಳಿ ಬೇಕು. ಬಿಳಿ ಬೋರ್ಡಿನ ಮೇಲೆ ಎಂಥ ಹಬೆ ಹಾಕಿದರೂ ಕಾಣುವುದಿಲ್ಲ, ಸುಮ್ನೆ ಕಷ್ಟ. ಅಲ್ಲಿ ನೆರಳೇ ಮುಖ್ಯ. ಮರೂನ್ ಕಾರ್ಡಿನ ಮೇಲೆ ಹಬೆ ಮೆರೆಯುತ್ತದೆ, ನೆರಳು ಅರೆಬರೆ. ಹಾಗಾಗಿ ಒಂದೇ ಕಟಿಂಗ್ ಎರಡಕ್ಕೂ ಆಗುವುದಿಲ್ಲ. ತಟ್ಟೆ, ಹಬೆ, ನೆರಳು ಮೂರೂ ಬೇರೆ ಬೇರೆ ಪದರದಲ್ಲಿ ಇರಬೇಕು. ಒಂದು ಕ್ಲಿಕ್ಕಿನ ಸೈಟು ಇದನ್ನು ನನಗೆ ಕೊಡಲಿಲ್ಲ. ಗಿಂಪ್‌ನಲ್ಲಿ ಮಾಡಿಕೊಳ್ಳಬಹುದು, ಅದೂ ಪುಕ್ಕಟೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಫೋಟೋ ಮತ್ತೆ ತೆಗೆಯಬೇಕಾಯಿತು. ತಟ್ಟೆಯನ್ನು ಬಿಳಿ ಚಾರ್ಟ್ ಮೇಲಿಟ್ಟು ಒಂದು ಫೋಟೋ. ಇದು ತಟ್ಟೆಗೆ ಮತ್ತು ನೆರಳಿಗೆ. ಇಲ್ಲಿ ಹಬೆ ಇರದಿದ್ದರೇ ಒಳ್ಳೆಯದು, ಅನ್ನದ ಕಾಳು ಸ್ವಚ್ಛವಾಗಿ ಕಾಣುತ್ತದೆ. ಬಿಳಿ ಚಾರ್ಟಿನಿಂದ ಇನ್ನೊಂದು ಲಾಭ, ಸ್ಟೀಲ್ ಅಂಚಿನಲ್ಲಿ ರೆಕ್ಸಿನ್‌ನ ಹಸಿರು ಪ್ರತಿಬಿಂಬ ಕೂರುವುದಿಲ್ಲ. ಆಮೇಲೆ ಹಬೆಗೆ ಬೇರೆ ಫೋಟೋ. ಹಿಂದೆ ಕಪ್ಪು ಬಟ್ಟೆ ನೇತುಹಾಕಿ, ಕಿಟಕಿ ಬೆಳಕು ಹಿಂದಿನ ಮೂಲೆಯಿಂದ ಹಬೆಗೆ ಬೀಳುವ ಹಾಗೆ, ಬಟ್ಟೆಗೆ ಬೀಳದ ಹಾಗೆ ಇಡಬೇಕು. ಎದುರಿನಿಂದ ಬೆಳಕು ಬಿದ್ದರೆ ಹಬೆ ಕಾಣುವುದೇ ಕಷ್ಟ. ಫ್ಯಾನ್ ಆಫ್. ಹಬೆ ಆ ಅನ್ನದ್ದೇ ಆಗಬೇಕು ಅಂತೇನಿಲ್ಲ. ಕುದಿಯುವ ನೀರಿನ ಪಾತ್ರೆಯನ್ನು ಚೌಕಟ್ಟಿನ ಕೆಳಗೆ ಇಟ್ಟು ಇಪ್ಪತ್ತು ಫೋಟೋ ತೆಗೆದೆ. ಎಲ್ಲ ತಟ್ಟೆಗೂ ಒಂದೇ ಆಕಾರದ ಹಬೆ ಇದ್ದರೆ ನಕಲಿ ಅಂತ ಥಟ್ಟನೆ ಗೊತ್ತಾಗುತ್ತದೆ, ಅದಕ್ಕೆ ಇಪ್ಪತ್ತು.

ನಮ್ಮೂರಲ್ಲಿ ಇದಕ್ಕೊಂದು ತೊಡಕಿದೆ. ಏಪ್ರಿಲ್ ಮಧ್ಯಾಹ್ನ ಪ್ರಯತ್ನಿಸಿದೆ, ನೀರು ಕೊತಕೊತ ಕುದಿಯುತ್ತಿದ್ದರೂ ಹಬೆ ಕಾಣಲೊಲ್ಲದು. ನಮಗೆ ಕಾಣುವ ಹಬೆ ಅಂದರೆ ನೀರಾವಿ ತಣಿದು ಆದ ಸಣ್ಣ ಹನಿಗಳು. ಬಿಸಿ ಒಣ ಗಾಳಿಯಲ್ಲಿ ಅವು ಆಗುವುದೂ ಕಡಿಮೆ, ಆದವು ಆರುವುದೂ ಬೇಗ. ಮರುದಿನ ಬೆಳಿಗ್ಗೆ ಆರಕ್ಕೆ ತೆಗೆದೆ, ಪರವಾಗಿಲ್ಲ ಅನ್ನುವಷ್ಟು ಬಂತು. ಡಿಸೆಂಬರ್ ಬೆಳಿಗ್ಗೆ ತೆಗೆದವು ಇನ್ನೂ ಚೆನ್ನಾಗಿವೆ, ಈಗ ಎಲ್ಲದಕ್ಕೂ ಅವನ್ನೇ ಬಳಸುತ್ತೇನೆ.

ತಟ್ಟೆ ಕತ್ತರಿಸುವುದು ಸುಲಭ. ಓರೆಯಾಗಿ ಕಂಡ ದುಂಡು ತಟ್ಟೆ ಒಂದು ಅಂಡಾಕಾರ. `Paths` ತಗೊಂಡು ನಾಲ್ಕು ಬಿಂದು ಇಟ್ಟು ಬಾಗಿಸಿದರೆ ಅಂಚಿಗೆ ಸರಿಯಾಗಿ ಕೂರುತ್ತದೆ. ಆ ಗೆರೆಯನ್ನು ಆಯ್ಕೆಯಾಗಿ ಬದಲಿಸಿ, ಆಯ್ಕೆಯನ್ನು ಒಂದು ಪಿಕ್ಸೆಲ್ ಒಳಗೆ ಸರಿಸಿ, ಹೊರಗಿನದನ್ನು ಮರೆಮಾಡುವ ಮಾಸ್ಕ್ ಹಾಕಿದರೆ ಆಯಿತು. ಅಂಚಿನಾಚೆ ಚಾಚಿದ ಮಿರ್ಚಿ, ಕೊತ್ತಂಬರಿ ಎಲೆ ಇದ್ದರೆ ಅಷ್ಟು ಕಡೆ ಮಾತ್ರ ಕೈಯಲ್ಲಿ ತಿದ್ದಬೇಕು.

ನಾನು ಎರಡು ಸಂಜೆ ಕಳೆದದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಹಬೆಯ ಫೋಟೋವನ್ನು ತಟ್ಟೆಯ ಮೇಲೆ ಪದರವಾಗಿ ಇಟ್ಟು ಅದರ ಮೋಡ್ `Screen` ಮಾಡಿದರೆ ಕಪ್ಪು ಮಾಯವಾಗಿ ಹಬೆ ಮಾತ್ರ ಉಳಿಯುತ್ತದೆ. ನೆರಳಿನ ಪದರವನ್ನು `Multiply` ಮಾಡಿದರೆ ಬಿಳಿ ಮಾಯವಾಗಿ ನೆರಳು ಮಾತ್ರ ಉಳಿಯುತ್ತದೆ. ಕೆಳಗೊಂದು ಮರೂನ್ ಪದರ ಹಾಕಿ ನೋಡಿದೆ. ಎಷ್ಟು ಚೆನ್ನಾಗಿ ಕಂಡಿತೆಂದರೆ ಹೆಂಡತಿಯನ್ನು ಕರೆದು ತೋರಿಸಿದೆ. ಆಮೇಲೆ ಮರೂನ್ ಪದರ ಆಫ್ ಮಾಡಿ, ಪಿಎನ್‌ಜಿ ಮಾಡಿ, ಮೆನು ಜೋಡಿಸುವ ಸಾಫ್ಟ್‌ವೇರ್ ಕೋರೆಲ್‌ನಲ್ಲಿ ಮೆನು ಮೇಲೆ ಇಟ್ಟೆ. ನೆರಳು ಪೂರ್ತಿ ಮಾಯ! ಹಬೆ ಅನ್ನದ ಮೇಲೆ ಇದೆ, ತಟ್ಟೆಯ ಅಂಚಿಗೆ ಬಂದ ಕೂಡಲೇ ಬ್ಲೇಡಿನಿಂದ ಕೊಯ್ದ ಹಾಗೆ ನಿಂತುಬಿಟ್ಟಿದೆ.

ತಪ್ಪು ನನ್ನದೇ. `Screen`, `Multiply` ಎರಡೂ ಕೆಳಗಿನ ಪದರದ ಜೊತೆ ಬೆರೆಯುವ ಲೆಕ್ಕಗಳು. ಕೆಳಗೆ ತಟ್ಟೆ ಇರುವಲ್ಲಿ ಬೆರೆಯಲು ಏನೋ ಇದೆ. ತಟ್ಟೆಯ ಆಚೆ ಏನೂ ಇಲ್ಲ, ಖಾಲಿ. ಖಾಲಿಯ ಮೇಲೆ ಆ ಪದರ ಕಾಣುವುದೇ ಇಲ್ಲ. ನೆರಳು ಇರುವುದೇ ತಟ್ಟೆಯ ಆಚೆ, ಹಾಗಾಗಿ ಅದು ಇಡಿಯಾಗಿ ಹೋಯಿತು. ಪಿಎನ್‌ಜಿಗಂತೂ ಪದರವೂ ಗೊತ್ತಿಲ್ಲ, ಮೋಡೂ ಗೊತ್ತಿಲ್ಲ. ಒಂದೊಂದು ಚುಕ್ಕೆಗೆ ಬಣ್ಣ ಮತ್ತು ಪಾರದರ್ಶಕತೆ, ಅಷ್ಟೇ.

ಪರಿಹಾರ ಗಿಂಪ್‌ನಲ್ಲೇ ಇತ್ತು, `Colors` ಮೆನುವಿನ ಒಳಗೆ `Color to Alpha` ಅಂತ. ನಾವು ಹೇಳಿದ ಬಣ್ಣವನ್ನು ಅದು ಚುಕ್ಕೆಗಳಿಂದ ಹಿಂಡಿ ತೆಗೆದು, ಅಷ್ಟು ಪಾಲು ಪಾರದರ್ಶಕ ಮಾಡುತ್ತದೆ. ಹಬೆಯ ಪದರವನ್ನು ಮೊದಲು ಬಣ್ಣವಿಲ್ಲದ ಬೂದು ಮಾಡಿಕೊಂಡೆ. `Levels` ತೆರೆದು ಕಪ್ಪು ಬಟ್ಟೆಯ ನೇಯ್ಗೆ ಕಾಣದಾಗುವ ತನಕ ಎಡಗಡೆಯ ಕಪ್ಪು ತ್ರಿಕೋನವನ್ನು ಬಲಕ್ಕೆ ಸರಿಸಿದೆ. ಜಾಸ್ತಿ ಸರಿಸಿದರೆ ಹಬೆಯ ತೆಳು ತುದಿಗಳೂ ಹೋಗುತ್ತವೆ, ಆಗ ಹಬೆ ಹಿಂಜಿದ ಹತ್ತಿಯ ಹಾಗೆ ಕಾಣುತ್ತದೆ. ಆಮೇಲೆ `Color to Alpha`ದಲ್ಲಿ ಕಪ್ಪು ಆರಿಸಿದೆ. ಉಳಿದದ್ದು ಶುದ್ಧ ಬಿಳಿ ಹಬೆ, ದಟ್ಟ ಇದ್ದಲ್ಲಿ ದಟ್ಟ, ತೆಳು ಇದ್ದಲ್ಲಿ ತೆಳು. ಮೋಡ್ ಮಾಮೂಲಿ `Normal`. ಕಣ್ಣಿಗೆ `Screen` ಕೊಟ್ಟದ್ದೇ ಬರುತ್ತದೆ, ಆದರೆ ಈ ಸಲ ಪಿಎನ್‌ಜಿ ಒಳಗೆ ಉಳಿಯುತ್ತದೆ.

ನೆರಳಿಗೂ ಇದೇ, ಬಣ್ಣ ಮಾತ್ರ ಉಲ್ಟಾ. ಫೋಟೋದಲ್ಲಿ ಬಿಳಿ ಚಾರ್ಟ್ ನಿಜವಾಗಿ ಬಿಳಿ ಇರುವುದಿಲ್ಲ, ತುಸು ಬೂದು. ಹಾಗೇ ಬಿಟ್ಟರೆ ತಟ್ಟೆಯ ಸುತ್ತ ಕೊಳೆ ಚೌಕ ಉಳಿಯುತ್ತದೆ. ಆದ್ದರಿಂದ `Levels`ನ ಬಿಳಿ ಡ್ರಾಪರ್‌ನಿಂದ ನೆರಳಿನ ಪಕ್ಕದ ಕಾಗದದ ಮೇಲೆ ಕ್ಲಿಕ್ ಮಾಡಬೇಕು. ನಂತರ ಬೂದು, ನಂತರ `Color to Alpha`ದಲ್ಲಿ ಬಿಳಿ. ಈ ಪದರ ತಟ್ಟೆಯ ಕೆಳಗೆ ಇರಬೇಕು. ಗೊತ್ತಾಗದಿದ್ದರೆ ಕೆಳಗೊಂದು ಕಡುಕೆಂಪು ಪದರ ಹಾಕಿ ನೋಡಿ, ಉಳಿದ ಕೊಳೆ ಎಲ್ಲ ಎದ್ದು ಕಾಣುತ್ತದೆ.

ನೆರಳನ್ನು ಪೂರ್ತಿ ಉಳಿಸಬೇಕೆಂದೇನಿಲ್ಲ. ತಟ್ಟೆ ಮೇಜಿಗೆ ತಾಗುವಲ್ಲಿ ಒಂದು ಗಟ್ಟಿ ಕಪ್ಪು ಗೆರೆ ಇರುತ್ತದೆ, ಅದರಾಚೆ ಮೆತ್ತಗೆ ಹರಡಿದ ನೆರಳು ಇರುತ್ತದೆ. ತಟ್ಟೆಯನ್ನು ಕೂರಿಸುವುದು ಮೊದಲನೆಯದು. ಬಿಳಿ ಬೋರ್ಡಿಗೆ ಎರಡನ್ನೂ ಇಟ್ಟೆ, ಹರಡಿದ್ದನ್ನು ಅರ್ಧ ತೆಳು ಮಾಡಿ. ಮರೂನ್ ಕಾರ್ಡಿಗೆ ಗೆರೆ ಮಾತ್ರ. ಹರಡಿದ ನೆರಳು ಮರೂನ್ ಮೇಲೆ ಎಣ್ಣೆ ಕಲೆಯಂತೆ ಕಂಡಿತು, ಖಾನಾವಳಿ ಕಾರ್ಡಿಗೆ ಎಣ್ಣೆ ಕಲೆ ಆಮೇಲೆ ತಾನಾಗೇ ಬರುತ್ತದೆ, ನಾವು ಪ್ರಿಂಟ್ ಮಾಡಿ ಕೊಡುವುದು ಬೇಡ ಅಲ್ವಾ. ಹನ್ನೆರಡು ತಟ್ಟೆಗಳ ನೆರಳೂ ಒಂದೇ ಕಡೆ ಬೀಳಬೇಕು. ಜಾಗಕ್ಕೆ ಹೊಂದಲಿ ಅಂತ ಫೋಟೋ ಎಡಬಲ ತಿರುಗಿಸಿದರೆ ನೆರಳೂ ತಿರುಗುತ್ತದೆ.

ಮೂರನೆಯ ದಾರಿ, ಕತ್ತರಿಸದೇ ಇರುವುದು. ಮೆನುವಿನದೇ ಬಣ್ಣದ ಚಾರ್ಟ್ ಮೇಲೆ ತಟ್ಟೆ ಇಟ್ಟು ತೆಗೆದು, ಅಂಚನ್ನು ಮೆಲ್ಲಗೆ ಕರಗಿಸುವುದು. ಹಬೆ, ನೆರಳು ಎರಡೂ ನಿಜವಾದವೇ ಬರುತ್ತವೆ. ಪೂರ್ತಿ ಕಪ್ಪು ಮೆನು ಆದರೆ ಇದಕ್ಕಿಂತ ಚೆಂದ ಬೇರೆ ಇಲ್ಲ. ಮರೂನ್‌ಗೆ ಮಾತ್ರ ನನಗೆ ಹೊಂದಲಿಲ್ಲ. ಅಂಗಡಿಯಲ್ಲಿ ಸಿಕ್ಕ ಚಾರ್ಟಿನ ಮರೂನ್ ಬೇರೆ, ಪ್ರಿಂಟಿನ ಮರೂನ್ ಬೇರೆ. ನಾಳೆ ಮಾಲೀಕರು ಮೆನು ನೀಲಿ ಮಾಡು ಅಂದರೆ ಮತ್ತೆ ಹನ್ನೆರಡು ಅಡುಗೆ ಮಾಡಿಸಬೇಕು.

ಸಮಯದ ಲೆಕ್ಕದಲ್ಲಿ ಸೈಟು ಗೆಲ್ಲುತ್ತದೆ. ನನ್ನ ದಾರಿಯಲ್ಲಿ ಈಗ ಒಂದು ತಟ್ಟೆಗೆ ಇಪ್ಪತ್ತು ನಿಮಿಷ, ಹಬೆ ಇದ್ದರೆ ಇನ್ನೊಂದು ಹತ್ತು. ರಾತ್ರಿ ಎಂಟಕ್ಕೆ ಶಟರ್ ಎಳೆದ ಮೇಲೆ ಮಾಡುವ ಕೆಲಸವಾದ್ದರಿಂದ ನನಗೆ ನಡೆಯುತ್ತದೆ. ದಿನಕ್ಕೆ ಐವತ್ತು ಫೋಟೋ ಬರುವವರಿಗೆ ನಡೆಯುವುದಿಲ್ಲ. ಹನ್ನೆರಡಕ್ಕೂ ಹಬೆ ಹಾಕಲಿಲ್ಲ ಕೂಡ. ಅನ್ನ-ಸಾರು, ಇಡ್ಲಿ, ಚಹಾ, ಮೂರಕ್ಕೆ ಮಾತ್ರ. ಅಣ್ಣ ಮೊಸರನ್ನಕ್ಕೂ "ಸ್ವಲ್ಪ ಹೊಗಿ ಬಿಡು" ಅಂದರು, ನಾನು ಒಪ್ಪಲಿಲ್ಲ.

ಆ ಸೈಟನ್ನು ಪೂರ್ತಿ ಬಿಟ್ಟಿಲ್ಲ. ಖಾನಾವಳಿಯವರ ವಾಟ್ಸಾಪ್ ಸ್ಟೇಟಸ್‌ಗೆ ದಿನಾ ಬೆಳಿಗ್ಗೆ ಒಗ್ಗರಣೆ-ಮಿರ್ಚಿ ಫೋಟೋ ಬೇಕು, ಒಂಬತ್ತು ಗಂಟೆಯೊಳಗೆ ಬೇಕು. ಅದಕ್ಕೆ ಅದೇ ಸೈಟು, 600 ಪಿಕ್ಸೆಲ್ ಅಲ್ಲಿಗೆ ಸಾಕು. ಕೆಳಗೆ ತೆಳುವಾದ ಒಂದು ನೆರಳಿನ ಗೆರೆ ಮಾತ್ರ ನನ್ನ ಹಳೇ ಫೈಲಿನಿಂದ ತಂದು ಹಾಕುತ್ತೇನೆ.