ದಿಂಬಿನಡಿಯ ರೇಡಿಯೊ, ಮುಚ್ಚಳದ ರೆಕಾರ್ಡ್ ಪ್ಲೇಯರ್, ಕ್ಯಾಸೆಟ್: ಎಂಟು ವರ್ಷ ಬಳಸಿದ ಮೇಲೆ

ಇಂಗ್ಲೆಂಡಿನ ಇಪ್ಸ್‌ವಿಚ್ ಪಕ್ಕದ ಊರಿಗೆ ಬಂದ ಮೇಲೆ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಒಂದೊಂದಾಗಿ ಕೊಂಡ ಮೂರು ವಸ್ತುಗಳಿವು. 1960ರ ದಶಕದ ಆರು ಟ್ರಾನ್ಸಿಸ್ಟರಿನ ಕೈ ರೇಡಿಯೊ, ಅದೇ ಕಾಲದ ಮುಚ್ಚಳವಿರುವ ರೆಕಾರ್ಡ್ ಪ್ಲೇಯರ್, 70ರ ದಶಕದ ಕ್ಯಾಸೆಟ್ ರೆಕಾರ್ಡರ್. ಯಾವುದನ್ನೂ ಷೋಕೇಸಿನಲ್ಲಿ ಇಟ್ಟಿಲ್ಲ, ವಾರಕ್ಕೆ ಎರಡು ಮೂರು ಸಲವಾದರೂ ಬಳಸುತ್ತೇನೆ. ಅಂದಿನ ಹುಡುಗ ಹುಡುಗಿಯರು ರಾಕ್ ಹಾಡನ್ನು ಹೇಗೆ ಕೇಳಿದ್ದರೋ ಹಾಗೇ ಕೇಳಬೇಕು ಅನ್ನುವ ಆಸೆಗೆ ಕೊಂಡದ್ದು.

ಮೊದಲು ರೇಡಿಯೊ. ನಮ್ಮ ಪಕ್ಕದ ಮನೆಯ ಅಜ್ಜಿಗೆ 1964ರಲ್ಲಿ ಹದಿನಾಲ್ಕು ವರ್ಷ. ಅವರ ಮನೆಯ ವಾಲ್ವ್ ರೇಡಿಯೊ ನಡುಮನೆಯಲ್ಲಿತ್ತು, ಅದರ ಗುಂಡಿ ತಿರುಗಿಸುವ ಹಕ್ಕು ಅಪ್ಪನದು. ಬಿಬಿಸಿಯಲ್ಲಿ ದಿನಕ್ಕೆ ಇಷ್ಟೇ ಹೊತ್ತು ರೆಕಾರ್ಡ್ ಹಾಕಬಹುದು ಎಂಬ ಮಿತಿ ಇದ್ದುದರಿಂದ ಅಲ್ಲಿ ರಾಕ್ ಅಪರೂಪ. ಹಾಡು ಬೇಕೆಂದವರು ರಾತ್ರಿ 208 ಮೀಟರಿನಲ್ಲಿ ರೇಡಿಯೊ ಲಕ್ಸೆಂಬರ್ಗ್ ಹುಡುಕಬೇಕಿತ್ತು. ವಾಲ್ವ್ ಸೆಟ್ಟನ್ನು ಕದ್ದು ಕೇಳುವ ಹಾಗಿಲ್ಲ: ಬಿಸಿಯಾಗುವವರೆಗೆ ಸ್ವರ ಬರದು, ಡಯಲ್ಲಿನ ದೀಪ ಕೋಣೆಗೆಲ್ಲ ಕಾಣುತ್ತದೆ, ಗೋಡೆಯ ಕರೆಂಟೂ ಬೇಕು. ಟ್ರಾನ್ಸಿಸ್ಟರ್ ಒತ್ತಿದ ಕೂಡಲೇ ಮಾತಾಡುತ್ತದೆ, ಬಿಸಿಯಾಗದು, ದೀಪವಿಲ್ಲ, ಒಂಬತ್ತು ವೋಲ್ಟಿನ ಒಂದು ಬ್ಯಾಟರಿ ಸಾಕು. ಒಂದೇ ಕಿವಿಗೆ ಸಿಕ್ಕಿಸುವ ಇಯರ್‌ಫೋನಿನ ಪಿನ್ನು ಚುಚ್ಚಿದರೆ ಸ್ಪೀಕರ್ ತಾನಾಗಿಯೇ ನಿಲ್ಲುತ್ತದೆ. ದಿಂಬಿನ ಕೆಳಗೆ ರೇಡಿಯೊ ಹೋದದ್ದು ಇಷ್ಟು ಅನುಕೂಲ ಒಟ್ಟಿಗೆ ಸಿಕ್ಕಿದ್ದರಿಂದ. ಅಮೆರಿಕದಲ್ಲಿ 1954ರಲ್ಲಿ ಬಂದ ರೀಜೆನ್ಸಿ ಟಿಆರ್-1ರ ಬೆಲೆ 49.95 ಡಾಲರ್, ಹುಡುಗರ ಕೈಗೆ ಎಟುಕುವಂಥದ್ದಲ್ಲ. ಹದಿಹರೆಯದವರ ಜೇಬು ಸೇರಿದ್ದು ಮುಂದೆ ಜಪಾನಿನ ಅಗ್ಗದ ಸೆಟ್ಟುಗಳು ಬಂದಾಗ.

ನನ್ನ ಸೆಟ್ಟಿನ ಸ್ಪೀಕರ್ ಅಂಗೈಗಿಂತ ಸಣ್ಣದು. ಹದಿನೈದರ ಮಗಳು ಮೊದಲ ಸಲ ಕೇಳಿದವಳೇ "ಅಪ್ಪ, ಬೇಸ್ ಎಲ್ಲಿ ಹೋಯ್ತು?" ಅಂದಳು. ಸರಿಯಾದ ಪ್ರಶ್ನೆ. ಇಷ್ಟು ಪುಟ್ಟ ಸ್ಪೀಕರಿನಿಂದ ಬೇಸ್ ಗಿಟಾರಿನ ತಗ್ಗು ಸ್ವರ ಹೊರಗೇ ಬರದು. ಅದರ ಮೇಲಿನ ಅನುಸ್ವರಗಳಿಂದ ಕಿವಿ ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ಆದರೆ ಹಾಡುವವರ ಗಂಟಲು, ಗಿಟಾರಿನ ಚುರುಕು, ಚಪ್ಪಾಳೆ ಎಲ್ಲ ಎದುರಿಗೇ ಬಂದು ನಿಲ್ಲುತ್ತವೆ. ಡೆಟ್ರಾಯಿಟಿನ ಮೋಟೌನ್ ಕಂಪನಿಯವರು ತಮ್ಮ ಹಾಡುಗಳನ್ನು ಕಾರ್ ರೇಡಿಯೊದಂಥ ಸಣ್ಣ ಸ್ಪೀಕರಿನಲ್ಲಿ ಹಾಕಿ ಪರೀಕ್ಷಿಸುತ್ತಿದ್ದದ್ದು ಯಾಕೆ ಅನ್ನುವುದು ಇದನ್ನು ಬಳಸಿದ ಮೇಲೆಯೇ ನನಗೆ ಅರ್ಥವಾದದ್ದು.

ಈಗಲೂ ಇದರಲ್ಲಿ ಏನು ಬರುತ್ತದೆ? ಲಕ್ಸೆಂಬರ್ಗ್ ಇಲ್ಲ. ಆದರೆ 1964ರ ಈಸ್ಟರ್ ಹೊತ್ತಿಗೆ ನಮ್ಮೂರ ಹತ್ತಿರದ ಫೆಲಿಕ್ಸ್‌ಸ್ಟೋ ಕಡಲಾಚೆ ಹಡಗಿನಿಂದ ಶುರುವಾದ ರೇಡಿಯೊ ಕ್ಯಾರೊಲೈನ್, 1967ರ ಆಗಸ್ಟಿನಲ್ಲಿ ಕಾನೂನೇ ತಡೆದಿದ್ದ ಅದೇ ಹೆಸರು, 2017ರಿಂದ ಪರವಾನಗಿ ಪಡೆದು ಮೀಡಿಯಂ ವೇವಿನ 648ರಲ್ಲಿ ಹಾಡು ಹಾಕುತ್ತಿದೆ. ಹಗಲಲ್ಲಿ ನನಗೆ ಚೊಕ್ಕವಾಗಿ ಸಿಗುತ್ತದೆ. ಮನೆಯ ಎಲ್‌ಇಡಿ ದೀಪ, ಫೋನ್ ಚಾರ್ಜರ್ ಹೊತ್ತಿಸಿದರೆ ಮಾತ್ರ ಗುಂಯ್ ಎನ್ನುವ ಕಿರಿಕಿರಿ. ಒಳಗಿರುವ ಫೆರೈಟ್ ಕಡ್ಡಿಯೇ ಆಂಟೆನಾ. ಕಡ್ಡಿಯ ತುದಿ ಸ್ಟೇಷನ್ನಿನ ಕಡೆ ಇದ್ದರೆ ಸ್ವರ ಬತ್ತುತ್ತದೆ, ಅಡ್ಡವಾಗಿದ್ದರೆ ತುಂಬುತ್ತದೆ. ಹಾಗಾಗಿ ಸೆಟ್ಟನ್ನು ಮೇಜಿನ ಮೇಲೆ ನಿಧಾನ ತಿರುಗಿಸಿ, ಚಾರ್ಜರಿನ ಗುಂಯ್ ಅಡಗುವ ಕೋನ ಹಿಡಿಯಬೇಕು. ಕತ್ತಲಾದ ಮೇಲೆ ದೂರದ ಸ್ಟೇಷನ್ನುಗಳು ಆಕಾಶದಿಂದ ಪ್ರತಿಫಲಿಸಿ ಬರುತ್ತವೆ, ಉಬ್ಬುತ್ತ ಇಳಿಯುತ್ತ. ಹಾಡಿನ ನಡುವೆ ಗಾಯಕ ದೂರ ಸರಿದು ಮತ್ತೆ ಬಂದಂತೆ ಕೇಳಿಸುತ್ತದೆ. ಲಕ್ಸೆಂಬರ್ಗ್ ಕೂಡ ಹೀಗೇ ಬರುತ್ತಿತ್ತಂತೆ. "ಒಳ್ಳೇ ಜಾಗದಲ್ಲೇ ಮಾಯವಾಗ್ತಿತ್ತು" ಅಂತ ಅಜ್ಜಿ ಇನ್ನೂ ಕೊರಗುತ್ತಾರೆ.

ರೇಡಿಯೊ ಕೊಟ್ಟದ್ದು ಏಕಾಂತ, ಆಯ್ಕೆಯಲ್ಲ. ಇಷ್ಟದ ಹಾಡು ಮತ್ತೊಮ್ಮೆ ಬೇಕೆಂದರೆ ಪ್ಲೇಟು ಕೊಳ್ಳಬೇಕು. ಏಳಿಂಚಿನ ಸಿಂಗಲ್ಲಿಗೆ ಆಗ ಆರು ಶಿಲ್ಲಿಂಗ್ ಎಂಟು ಪೆನ್ಸ್. ಮುಚ್ಚಳದ ಪ್ಲೇಯರನ್ನು ಪೋರ್ಟಬಲ್ ಅನ್ನುತ್ತಿದ್ದರೂ ವೈರು ಗೋಡೆಗೇ ಕಟ್ಟಿದ್ದು. ಹಿಡಿ ಹಿಡಿದು ನಡುಮನೆಯಿಂದ ಮಲಗುವ ಕೋಣೆಗೆ, ಗೆಳತಿಯ ಮನೆಗೆ ಒಯ್ಯಬಹುದು, ಅಷ್ಟೆ. ಆ 'ಅಷ್ಟೆ'ಯೇ ದೊಡ್ಡದು. ಏಳೆಂಟು ಸಿಂಗಲ್ಲುಗಳನ್ನು ನಡುಗೂಟಕ್ಕೆ ಪೇರಿಸಿಟ್ಟರೆ ಒಂದು ಮುಗಿದ ಮೇಲೆ ಇನ್ನೊಂದು ತಾನೇ ಬೀಳುತ್ತದೆ, ಇಪ್ಪತ್ತು ನಿಮಿಷ ಯಾರೂ ಏಳಬೇಕಿಲ್ಲ. ನೆಲದ ಮೇಲೆ ಕೂತು, ಕುಣಿಯುತ್ತಾ, ಸೇರಿ ಕೇಳುವ ಯಂತ್ರ ಇದು. ವಾಲ್ವಿನ ಮೂರು ವಾಟ್ ಶಕ್ತಿ ಒಂದು ಕೋಣೆಗೆ ಧಾರಾಳ, ಬೇಸೂ ಮೊದಲ ಸಲ ಎದೆಗೆ ತಾಗುತ್ತದೆ.

ತೊಂದರೆ ಹೆಚ್ಚು ಕೊಟ್ಟದ್ದೂ ಇದೇ. ಮಾರಿದಾತ "ಪೂರ್ತಿ ಸರಿ ಮಾಡಿದೆ" ಅಂದಿದ್ದ. ಎರಡೂವರೆ ನಿಮಿಷದ ಹಾಡು ಎರಡು ನಿಮಿಷ ಮೂವತ್ತೇಳು ಸೆಕೆಂಡು ಓಡುತ್ತಿತ್ತು, ಹಾಡುವವರಿಗೆ ನಿದ್ದೆ ಬಂದ ಹಾಗೆ. ಲೇಬಲ್ಲಿಗೆ ಬಿಳಿ ಕಾಗದದ ಚೂರು ಅಂಟಿಸಿ ಒಂದು ನಿಮಿಷ ಎಣಿಸಿದೆ: 45ರ ಬದಲು 43 ಸುತ್ತು. ಎರಡೇ ಸುತ್ತಿನ ಕೊರತೆ, ಆದರೂ ಶ್ರುತಿ ಹೆಚ್ಚುಕಡಿಮೆ ಮುಕ್ಕಾಲು ಸೆಮಿಟೋನು ಇಳಿದಿರುತ್ತದೆ. ತಟ್ಟೆ ಎತ್ತಿ ನೋಡಿದೆ. ಮೋಟರಿನಿಂದ ತಟ್ಟೆಗೆ ವೇಗ ದಾಟಿಸುವ ರಬ್ಬರ್ ಚಕ್ರ ನುಣುಪಾಗಿ ಹೊಳೆಯುತ್ತಿತ್ತು, ಮೋಟರಿನ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. ಪ್ಲಗ್ ಕಿತ್ತು, ಹಳೇ ಗ್ರೀಸು ತೆಗೆದು ಬೇರಿಂಗಿಗೆ ಎರಡು ಹನಿ ತೆಳು ಎಣ್ಣೆ ಬಿಟ್ಟೆ. ರಬ್ಬರಿನ ಅಂಚನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ನಯವಾದ ಮರಳು ಕಾಗದದಿಂದ ಒಂದೇ ಸುತ್ತು ಉಜ್ಜಿದೆ. ಮತ್ತೆ ಎಣಿಸಿದಾಗ 45. ಚಕ್ರದಲ್ಲಿ ತಗ್ಗು ಬಿದ್ದಿದ್ದರೆ ಇದು ಸಾಲದು. ಸುತ್ತು ಸುತ್ತಿಗೂ ದಡ್ ದಡ್ ಅಂದರೆ ಚಕ್ರವನ್ನೇ ಬದಲಿಸಬೇಕು. ಇನ್ನೊಂದು ಎಚ್ಚರ: ಇದರ ತೋಳು ಭಾರ, ಸವೆದ ಮುಳ್ಳು ಹಾಡನ್ನು ಕೆರೆದು ಹಾಕುತ್ತದೆ. ಬೆಲೆಬಾಳುವ ಪ್ಲೇಟನ್ನು ನಾನು ಇದರ ಮೇಲೆ ಇಡುವುದೇ ಇಲ್ಲ.

ಕ್ಯಾಸೆಟ್ಟಿನ ಬಗ್ಗೆ ಕಡಿಮೆ ಹೇಳುತ್ತೇನೆ, ನಮ್ಮಲ್ಲೂ ಎಲ್ಲರೂ ಬಳಸಿದ್ದೇ. 1963ರಲ್ಲಿ ಫಿಲಿಪ್ಸ್ ಬರ್ಲಿನ್ನಿನಲ್ಲಿ ಇದನ್ನು ತೋರಿಸಿದಾಗ ಇದರ ಟೇಪು ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ಓಡುತ್ತಿತ್ತು, ಮಾತು ಹಿಡಿದಿಡಲು ಸಾಕು ಎನ್ನುವಷ್ಟು. ಹುಡುಗರು ಅದರಲ್ಲಿ ಕಂಡದ್ದು ಬೇರೆ: ರೇಡಿಯೊದ ಹಾಡನ್ನು ದುಡ್ಡಿಲ್ಲದೆ ಉಳಿಸಿಕೊಳ್ಳುವ ದಾರಿ. ಸ್ಪೀಕರಿನೆದುರು ಮೈಕ್ ಇಟ್ಟು, ಅಮ್ಮ ಊಟಕ್ಕೆ ಕರೆದರೆ ಅದೂ ಸೇರಿ ರೆಕಾರ್ಡಾಗುತ್ತಿತ್ತು. ಸಿ-90ಯ ಒಂದೊಂದು ಬದಿಗೆ 45 ನಿಮಿಷ, ಅಂದರೆ ಒಂದು ಇಡೀ ಎಲ್‌ಪಿ. ಗೆಳೆಯನ ಎಲ್‌ಪಿ ಒಂದು ದಿನ ಎರವಲು ಸಿಕ್ಕರೆ ಸಾಕಿತ್ತು. 1979ರಲ್ಲಿ ವಾಕ್‌ಮನ್ ಬಂದಮೇಲೆ ಅದೇ ಕ್ಯಾಸೆಟ್ ಸೊಂಟಕ್ಕೆ ಏರಿತು, ಒಂದೇ ಕಿವಿಯಲ್ಲಿ ಕೇಳಿದ್ದವರು ಎರಡೂ ಕಿವಿಯಲ್ಲಿ ಸ್ಟೀರಿಯೊ ಕೇಳುತ್ತ ರಸ್ತೆಗಿಳಿದರು.

ನನ್ನ ರೆಕಾರ್ಡರಿನ ಬೆಲ್ಟು ಕರಗಿ ಡಾಂಬರಾಗಿತ್ತು, ಕೊಂಡ ವಾರವೇ ಬದಲಿಸಿದೆ. ಇನ್ನೊಬ್ಬರ ಮೆಷಿನ್ನಿನಲ್ಲಿ ತುಂಬಿಸಿದ ಟೇಪು ಮಂಕಾಗಿ ಕೇಳಿದರೆ ಟೇಪು ಹಾಳೆಂದು ಎಸೆಯಬೇಡಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಆಡಿಸಿ, ಸಿಂಬಲ್ಲಿನ ಸ್ವರ ಹೊಳೆಯುವ ಕಡೆ ನಿಲ್ಲಿಸಿ. ಸಿ-120 ಬೇಡ, ಅದರ ಟೇಪು ತೀರಾ ತೆಳು, ರೋಲರಿಗೆ ಸುತ್ತಿಕೊಳ್ಳುತ್ತದೆ.

ಒಂದನ್ನೇ ಕೊಳ್ಳುವುದಾದರೆ ರೇಡಿಯೊ ಕೊಳ್ಳಿ. ಕೊಳ್ಳುವಾಗ ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಇಲ್ಲವೆಂದು ನೋಡಿ, ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಹೆದರಬೇಡಿ, ಹತ್ತು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಬಹುಪಾಲು ಹೋಗುತ್ತದೆ. ನನ್ನದು ಈಗ ಮಗಳ ಕೋಣೆಯಲ್ಲಿದೆ. ಮಲಗುವ ಮುಂಚೆ ಚಾರ್ಜರ್ ಕಿತ್ತಿಡುವ ಅಭ್ಯಾಸ ಅವಳಿಗೆ ಅದರಿಂದಲೇ ಬಂತು.