ಡಾಲರ್ ಅಂಗಡಿಯಿಂದ ರೂಪಾಯಿ ಅಂಗಡಿಗೆ: ಎಕ್ಸ್‌ಬಾಕ್ಸ್ ಖಾತೆಯ ಪ್ರದೇಶ ಬದಲಿಸಿದ ಮೇಲೆ

ಡಲ್ಲಾಸ್‌ನಲ್ಲಿ ಆರು ವರ್ಷ ಕೆಲಸ ಮಾಡಿ 2023ರ ಫೆಬ್ರವರಿಯಲ್ಲಿ ಮೈಸೂರಿನ ಕುವೆಂಪುನಗರಕ್ಕೆ ಮರಳಿದಾಗ ನನ್ನ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಆಟದ ಕನ್ಸೋಲ್ ಜೊತೆಗೇ ಬಂತು. ಆದರೆ ಖಾತೆ ಮಾತ್ರ ಇನ್ನೂ ಅಮೆರಿಕದಲ್ಲೇ ಇತ್ತು. ಅದರ ಆನ್‌ಲೈನ್ ಅಂಗಡಿಯಲ್ಲಿ ಬೆಲೆಗಳು ಡಾಲರಿನಲ್ಲಿ ಕಾಣುತ್ತಿದ್ದವು, ಇಲ್ಲಿನ ಕಾರ್ಡನ್ನು ಅದು ಒಪ್ಪುತ್ತಿರಲಿಲ್ಲ. ಪ್ರದೇಶ ಬದಲಿಸುವ ಕೆಲಸ ಎರಡು ನಿಮಿಷದ್ದು: ಕನ್ಸೋಲಿನಲ್ಲಿ Settings, System, Language & location ಎಂದು ಹೋಗಿ ಭಾರತವನ್ನು ಆರಿಸಿ Restart now ಒತ್ತಿದರೆ ಮುಗಿಯಿತು. ಒಮ್ಮೆ ಬದಲಿಸಿದರೆ ಮುಂದಿನ ಮೂರು ತಿಂಗಳು ಮತ್ತೆ ಬದಲಿಸಲು ಬಿಡುವುದಿಲ್ಲವಾದ್ದರಿಂದ, ಆ ಗುಂಡಿ ಒತ್ತುವ ಮುನ್ನ ಮಾಡಬೇಕಾದ ಸಿದ್ಧತೆಯೇ ನಿಜವಾದ ಕೆಲಸ.

ಮೊದಲನೆಯದು ಖಾತೆಯಲ್ಲಿ ಉಳಿದ ಹಣ. ಅದು ಹೊಸ ಪ್ರದೇಶಕ್ಕೆ ಬರುವುದಿಲ್ಲ, ರೂಪಾಯಿಯಾಗಿಯೂ ಬದಲಾಗುವುದಿಲ್ಲ. ಸ್ಟೀಮ್‌ನಲ್ಲಾದರೆ ವಾಲೆಟ್ಟಿನ ಹಣ ಹೊಸ ದೇಶದ ನಾಣ್ಯಕ್ಕೆ ಪರಿವರ್ತನೆಯಾಗುತ್ತದೆ. ಪ್ಲೇಸ್ಟೇಷನ್‌ನಲ್ಲಿ ಖಾತೆಯ ದೇಶವನ್ನೇ ಬದಲಿಸಲಾಗದು, ಹೊಸ ಖಾತೆಯನ್ನೇ ತೆರೆಯಬೇಕು. ನನ್ನಲ್ಲಿ ಉಡುಗೊರೆ ಕಾರ್ಡುಗಳಿಂದ ಉಳಿದ 31.40 ಡಾಲರ್ ಇತ್ತು. 29.99ರ ಆಟವೊಂದನ್ನು ಕೊಂಡು ಮುಗಿಸೋಣವೆಂದುಕೊಂಡೆ. ಆದರೆ ಡಲ್ಲಾಸ್ ವಿಳಾಸಕ್ಕೆ ಶೇ 8.25ರ ಮಾರಾಟ ತೆರಿಗೆ ಸೇರಿ ಅದು 32.46 ಆಯಿತು. ಕೊನೆಗೆ 24.99ರ ಇನ್ನೊಂದು ಆಟಕ್ಕೆ ತೆರಿಗೆ ಸೇರಿ 27.05 ಕೊಟ್ಟೆ, ಉಳಿದ 4.35ರಲ್ಲಿ 3.99ರ ಒಂದು ಹೆಚ್ಚುವರಿ ಭಾಗವನ್ನು 4.32ಕ್ಕೆ ಕೊಂಡೆ. ಮೂರು ಸೆಂಟ್ ಅಲ್ಲೇ ಉಳಿಯಿತು. ಮುಖಬೆಲೆಯನ್ನಷ್ಟೇ ನೋಡದೆ ಪಾವತಿಯ ಕೊನೆಯ ಪರದೆಯವರೆಗೂ ಹೋಗಿ ಲೆಕ್ಕ ಹಾಕಬೇಕೆಂದು ಆಗ ತಿಳಿಯಿತು. ಉಡುಗೊರೆ ಕಾರ್ಡಿಗೂ ಇದೇ ಕಟ್ಟು: ಮಂಡ್ಯದಲ್ಲಿರುವ ನಮ್ಮ ಅಕ್ಕನ ಮಗ ಯಾವುದೋ ಜಾಲತಾಣದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಡಾಲರ್ ಕೋಡ್ ಕೊಂಡ, ಅವನ ಭಾರತದ ಖಾತೆಗೆ ಅದು ಹತ್ತಲಿಲ್ಲ, ಮಾರಿದವರೂ ಹಣ ಹಿಂದಿರುಗಿಸಲಿಲ್ಲ.

ಗೇಮ್ ಪಾಸ್ ಚಂದಾದಲ್ಲಿ ನನಗೆ ಇನ್ನೂ ನಾಲ್ಕು ತಿಂಗಳು ಬಾಕಿ ಇತ್ತು. ಆ ಸೇವೆ ಭಾರತದಲ್ಲೂ ಇರುವುದರಿಂದ ಆ ಅವಧಿ ಹಾಗೆಯೇ ಮುಂದುವರಿಯಿತು. ಹಳೆಯ ಅಮೆರಿಕದ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದನ್ನು ಮಾತ್ರ ನಾನು ಮೊದಲೇ ನಿಲ್ಲಿಸಿದ್ದೆ. ಹಾಗೆ ನಿಲ್ಲಿಸಿದರೆ ಚಂದಾ ಅಲ್ಲಿಗೇ ರದ್ದಾಗುತ್ತದೆಂದು ಹಲವರು ಹೆದರುತ್ತಾರೆ; ಹಣ ಕಟ್ಟಿದ ದಿನಗಳು ಮುಗಿಯುವವರೆಗೂ ಅದು ನಡೆಯುತ್ತದೆ.

ಉಳಿಸಿದ ಆಟಗಳ, ಅಂದರೆ ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೇವೆಂಬ ದಾಖಲೆಯ, ಬಗ್ಗೆ ನನಗೆ ಹೆಚ್ಚು ಆತಂಕವಿತ್ತು, ಅದರಲ್ಲೂ ನೂರು ಗಂಟೆ ದಾಟಿದ ಒಂದು ಆಟದ ಬಗ್ಗೆ. ಅವು ಅಂಗಡಿಯ ಪ್ರದೇಶಕ್ಕಲ್ಲ, ಪ್ರೊಫೈಲಿಗೆ ಅಂಟಿಕೊಂಡಿರುತ್ತವೆ. ಗೇಮರ್‌ಟ್ಯಾಗ್, ಸಾಧನೆಗಳು ಮತ್ತು ಗೆಳೆಯರ ಪಟ್ಟಿಯೂ ಹಾಗೆಯೇ. ಅಪಾಯ ಇರುವುದು ಕ್ಲೌಡಿಗೆ ಇನ್ನೂ ಏರದ ಪ್ರತಿಯಲ್ಲಿ. ನಮ್ಮ ಬೀದಿಯಲ್ಲಿ ಸಂಜೆ ಕರೆಂಟು ಹೋಗುವುದು ಹೊಸತಲ್ಲ, ಹೀಗಾಗಿ ಆಡುತ್ತಿರುವಾಗಲೇ ಕನ್ಸೋಲ್ ಆರಿದರೆ ಕೊನೆಯ ಉಳಿಕೆ ಯಂತ್ರದಲ್ಲೇ ಕೂತಿರಬಹುದು. ಬದಲಾವಣೆಗೆ ಮುನ್ನ ಮುಖ್ಯವಾದ ಪ್ರತಿ ಆಟವನ್ನೂ ತೆರೆದು, ಒಮ್ಮೆ ಉಳಿಸಿ, ಸರಿಯಾಗಿ ಮುಚ್ಚಿ, ಇಂಟರ್ನೆಟ್ ಇದ್ದಂತೆಯೇ ಕೆಲವು ನಿಮಿಷ ಕಾದೆ. ಆಟದ ಮೇಲೆ ನಿಂತು Manage game and add-ons ಒಳಗಿನ Saved data ತೆರೆದರೆ ಯಾವ ಪ್ರೊಫೈಲಿನ ಉಳಿಕೆ ಇದೆಯೆಂದು ಕಾಣುತ್ತದೆ. ಅಲ್ಲಿ ಅಳಿಸುವ ಆಯ್ಕೆಯೂ ಇದೆ: Delete from console ಎಂದರೆ ಈ ಯಂತ್ರದಿಂದ ಮಾತ್ರ, Delete everywhere ಎಂದರೆ ಕ್ಲೌಡಿನಿಂದಲೂ. ಎರಡನೆಯದಕ್ಕೆ ಕೈ ಹಾಕಬಾರದು.

ಆಟ ಬೇರೆ, ಅದರ ಉಳಿಕೆ ಬೇರೆ ಎಂಬುದನ್ನೂ ಮರೆಯಬಾರದು. ಹಳೆಯ ಪ್ರದೇಶದಲ್ಲಿ ಕೊಂಡ ಎಲ್ಲ ಆಟಗಳೂ ಹೊಸ ಪ್ರದೇಶದಲ್ಲಿ ನಡೆದೇ ನಡೆಯುತ್ತವೆಂಬ ಖಾತರಿ ಇಲ್ಲ. ನಡೆಯದಿದ್ದರೆ ಉಳಿಕೆ ಕ್ಲೌಡಿನಲ್ಲಿ ಭದ್ರವಾಗಿದ್ದರೂ ತೆರೆಯಲು ಆಟವಿರುವುದಿಲ್ಲ. ನಾನು ಕೊಂಡವುಗಳಲ್ಲಿ ಯಾವುದೂ ಕೈಕೊಡಲಿಲ್ಲ. ನೂರು ಗಂಟೆಯ ಆಟವೂ ನಾನು ಡಲ್ಲಾಸ್‌ನಲ್ಲಿ ಬಿಟ್ಟ ಸೇತುವೆಯ ಮೇಲೆಯೇ ತೆರೆದುಕೊಂಡಿತು.

ಎರಡು ವರ್ಷಕ್ಕೂ ಮೀರಿದ ಬಳಕೆಯಲ್ಲಿ ನನ್ನನ್ನು ಕಾಡಿದ್ದು ಪ್ರದೇಶವಲ್ಲ, ಚಂದಾದ ನವೀಕರಣ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಾರ್ಡಿನಿಂದ ಪದೇ ಪದೇ ಹಣ ಕಡಿತವಾಗಲು ಮೊದಲ ಸಲ ಗ್ರಾಹಕರ ದೃಢೀಕರಣ ಬೇಕು, ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಬರಬೇಕು. ನನ್ನ ಬ್ಯಾಂಕಿನ ಕಾರ್ಡು ಈ ಏರ್ಪಾಡಿನಲ್ಲಿ ಎರಡು ಬಾರಿ ಎಡವಿ, ಚಂದಾ ತಿಂಗಳ ನಡುವೆಯೇ ನಿಂತಿತು. ಈಗ ಭಾರತಕ್ಕೆಂದೇ ಮಾರುವ ಮೂರು ತಿಂಗಳ ಕೋಡನ್ನು ಕೊಂಡು ಹಾಕಿಕೊಳ್ಳುತ್ತೇನೆ. ಅವಧಿ ಮುಗಿಯುವ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಗುರುತು ಮಾಡಿಟ್ಟಿರುತ್ತೇನೆ.